ಹುಂಡಿಗೆ ಸಹಿ ಹಾಕಿದ ಮೇಲೆ ನಿಮ್ಮ ಸಾಲ ಯಾರ ಕೈಗೆ ಹೋಗುತ್ತದೆ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಸೀರೆ ಅಂಗಡಿ. ಶ್ರಾವಣಕ್ಕೆ ನಾಲ್ಕು ಲಕ್ಷದ ಮಾಲನ್ನು ಮೂರು ತಿಂಗಳ ಸಾಲಕ್ಕೆ ಕೊಡುತ್ತೇನೆ ಅಂತ ಚಿಕ್ಕಪೇಟೆಯ ಸಗಟು ವ್ಯಾಪಾರಿ ಹೇಳಿದ್ದಾರೆ. ಆದರೆ ಬಿಲ್ ಆಫ್ ಎಕ್ಸ್‌ಚೇಂಜ್ ಬರೆದು ಕಳಿಸುತ್ತಾರಂತೆ, ನಾವು ಒಪ್ಪಿ ಸಹಿ ಹಾಕಬೇಕಂತೆ. ಅದನ್ನು ಬ್ಯಾಂಕಿನಲ್ಲಿ ಡಿಸ್ಕೌಂಟ್ ಮಾಡಿಸಿಕೊಳ್ತಾರಂತೆ. ಇಷ್ಟು ವರ್ಷ ಬರೀ ಖಾತೆ ಮೇಲೆ ವ್ಯವಹಾರ ಮಾಡಿದವರು ನಾವು. ಸಹಿ ಹಾಕಿದರೆ ಏನು ವ್ಯತ್ಯಾಸ? ಮಾಲು ಕೆಟ್ಟಿದ್ದರೆ ದುಡ್ಡು ಹಿಡಿಯಬಹುದಾ? ಆ ದಿನ ಕಟ್ಟಲು ಆಗದಿದ್ದರೆ ಕೇಸು, ಜೈಲು ಅಂತೆಲ್ಲ ಆಗುತ್ತಾ?

ಉತ್ತರ: ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ. ಅಂಗಡಿಯಲ್ಲಿ ಬಿಲ್ಲು ಅಂದರೆ ಇನ್‌ವಾಯ್ಸ್, ಮಾಲಿನ ಪಟ್ಟಿ. ಬಿಲ್ ಆಫ್ ಎಕ್ಸ್‌ಚೇಂಜ್ ಅದಲ್ಲ. ಹಳೇ ವರ್ತಕರು ಅದನ್ನು ಹುಂಡಿ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಬ್ಯಾಂಕಿನ ಬಿಲ್ಸ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತು ಇಂಥ ಕಾಗದಗಳನ್ನೇ ನೋಡಿದವನು ನಾನು. ಅದಕ್ಕೇ ನಿಮ್ಮ ವ್ಯವಹಾರವನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ.

ಮೇ 12ರಂದು ಚಿಕ್ಕಪೇಟೆಯವರು ಮಾಲು ಲಾರಿಗೆ ಹಾಕಿದರು ಅಂದುಕೊಳ್ಳಿ. ಅದೇ ದಿನ ಅವರು ಒಂದು ಕಾಗದ ಬರೆಯುತ್ತಾರೆ. ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡದಲ್ಲಿ ಹೇಳಿದರೆ ಇಷ್ಟೇ: "ಬೆಂಗಳೂರು, ಮೇ 12. ಈ ತಾರೀಖಿನಿಂದ ಮೂರು ತಿಂಗಳಾದ ಮೇಲೆ ನನಗೆ, ಅಥವಾ ನಾನು ಹೇಳಿದವರಿಗೆ, ನಾಲ್ಕು ಲಕ್ಷ ರೂಪಾಯಿ ಕೊಡಿ. ಇದಕ್ಕೆ ತಕ್ಕ ಮಾಲು ನಿಮಗೆ ಸಂದಿದೆ." ಕೆಳಗೆ ಅವರ ಸಹಿ, ಎಡಗಡೆ ಮೂಲೆಯಲ್ಲಿ ನಿಮ್ಮ ಅಂಗಡಿಯ ಹೆಸರು ಮತ್ತು ವಿಳಾಸ. ಅಷ್ಟೇ ಹುಂಡಿ. ನೋಡಿ, ಇದನ್ನು ಬರೆಯುವವರು ದುಡ್ಡು ಬರಬೇಕಾದವರು. ಪ್ರಾಮಿಸರಿ ನೋಟು ಇದಕ್ಕೆ ಉಲ್ಟಾ. ಅಲ್ಲಿ "ನಾನು ಕೊಡುತ್ತೇನೆ" ಅಂತ ಸಾಲಗಾರರೇ ಬರೆದುಕೊಡುತ್ತಾರೆ. ಇಲ್ಲಿ ಮಾರಿದವರು "ನೀವು ಕೊಡಿ" ಅಂತ ಬರೆದು ನಿಮ್ಮ ಮುಂದೆ ಇಡುತ್ತಾರೆ.

ಆ "ಕೊಡಿ" ಎನ್ನುವ ಮಾತಿಗೆ ಯಾವ ಷರತ್ತೂ ಇರಬಾರದು. "ಸೀರೆ ಮಾರಿದ ಮೇಲೆ ಕೊಡಿ", "ಮಾಲು ಒಪ್ಪಿಗೆಯಾದರೆ ಕೊಡಿ" ಅಂತ ಬರೆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಅದು ಹುಂಡಿಯೇ ಅಲ್ಲ. ನಿಮ್ಮ ಮೂರು ಪ್ರಶ್ನೆಗಳಿಗೂ ಬೇರು ಇಲ್ಲೇ ಇದೆ. ಖಾತೆ ಮೇಲಿನ ಸಾಲ ಮಾಲಿಗೆ ಅಂಟಿಕೊಂಡೇ ಇರುತ್ತದೆ. ಮಾಲು ಹರಿದಿದ್ದರೆ ಲೆಕ್ಕದಲ್ಲಿ ಕಳೆಯುತ್ತೀರಿ, ಫೋನಿನಲ್ಲಿ ಮಾತಾಡುತ್ತೀರಿ, ಮುಂದಿನ ಲೋಡಿನಲ್ಲಿ ಸರಿದೂಗಿಸುತ್ತೀರಿ. ಹುಂಡಿ ಆ ಸಾಲವನ್ನು ಮಾಲಿನಿಂದ ಬಿಡಿಸಿ, ಕೈಯಿಂದ ಕೈಗೆ ಹೋಗುವ ಕಾಗದ ಮಾಡಿಬಿಡುತ್ತದೆ.

ಕಾಗದ ಬರೆದ ಮಾತ್ರಕ್ಕೆ ನಿಮಗೆ ಏನೂ ಅಂಟುವುದಿಲ್ಲ. ನಿಮ್ಮ ಸಹಿ ಬೀಳುವ ತನಕ ಅದು ಅವರೊಬ್ಬರ ಮಾತು. ಹಾಗಾದರೆ ಸಹಿ ಯಾವಾಗ ಹಾಕುತ್ತೀರಿ? ಇಲ್ಲೊಂದು ಜಾಣತನದ ವ್ಯವಸ್ಥೆ ಇದೆ. ಮಾಲು ಬಿಡಿಸಿಕೊಳ್ಳಲು ಲಾರಿ ರಸೀದಿ ಬೇಕಲ್ವಾ, ನಾವೆಲ್ಲ ಎಲ್‌ಆರ್ ಅನ್ನುತ್ತೇವಲ್ಲ, ಅದು. ಚಿಕ್ಕಪೇಟೆಯವರು ಇನ್‌ವಾಯ್ಸ್, ಎಲ್‌ಆರ್, ಹುಂಡಿ ಮೂರನ್ನೂ ಪಿನ್ ಮಾಡಿ ತಮ್ಮ ಬ್ಯಾಂಕಿಗೆ ಕೊಡುತ್ತಾರೆ. ಬ್ಯಾಂಕು ಅದನ್ನು ತಿಪಟೂರಿನ ಶಾಖೆಗೆ ಕಳಿಸುತ್ತದೆ. ಶಾಖೆಯವರು ನಿಮ್ಮನ್ನು ಕರೆಸುತ್ತಾರೆ. ನೀವು ಹುಂಡಿಯ ಮುಖದ ಮೇಲೆ ಅಡ್ಡಲಾಗಿ "ಒಪ್ಪಿದ್ದೇನೆ" ಅಂತ ಬರೆದು, ಸಹಿ, ತಾರೀಖು ಹಾಕಿ, ಎಲ್ಲಿ ಹಣ ಕೊಡುತ್ತೀರೋ ಆ ಬ್ಯಾಂಕಿನ ಹೆಸರು ಬರೆದರೆ ಎಲ್‌ಆರ್ ನಿಮ್ಮ ಕೈಗೆ ಬರುತ್ತದೆ. ಇಂಥದ್ದಕ್ಕೆ ಬ್ಯಾಂಕಿನಲ್ಲಿ ಡಿ.ಎ. ಬಿಲ್ಲು ಅನ್ನುತ್ತಾರೆ, ಒಪ್ಪಿಗೆಗೆ ಕಾಗದಪತ್ರ. ದುಡ್ಡು ಕಟ್ಟಿದ ಮೇಲಷ್ಟೇ ಎಲ್‌ಆರ್ ಕೊಡುವುದಾದರೆ ಅದು ಡಿ.ಪಿ. ನಿಮ್ಮದು ಮೂರು ತಿಂಗಳ ಸಾಲ, ಹಾಗಾಗಿ ಡಿ.ಎ.

ಅಂದರೆ ಮಾಲಿನ ಮೂಟೆ ಬಿಚ್ಚಿ ನೋಡುವ ಮೊದಲೇ ನಿಮ್ಮ ಸಹಿ ಬಿದ್ದಿರುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ. ನಿಮ್ಮ ಎರಡನೇ ಪ್ರಶ್ನೆಗೆ ಬಂದಾಗ ಇದೇ ಮುಖ್ಯ.

ಸಹಿ ಹಾಕಲು ಯೋಚನೆ ಮಾಡಬೇಕು ಅನ್ನಿಸಿದರೆ ಕಾನೂನು ನಿಮಗೆ 48 ಗಂಟೆ ಕೊಡುತ್ತದೆ, ರಜೆ ಬಿಟ್ಟು. ನೀವು ಕೇಳಿದರೆ ಅಷ್ಟು ಸಮಯ ಕೊಡಲೇಬೇಕು. "ಮೂರೂವರೆ ಲಕ್ಷಕ್ಕೆ ಮಾತ್ರ ಒಪ್ಪಿದ್ದೇನೆ" ಅಂತ ಷರತ್ತು ಹಾಕಿಯೂ ಸಹಿ ಮಾಡಬಹುದು. ಆದರೆ ಹುಂಡಿ ಹಿಡಿದವರು ಅದನ್ನು ಒಪ್ಪಲೇಬೇಕು ಅಂತೇನಿಲ್ಲ. ಪೂರ್ತಿ ಒಪ್ಪಲಿಲ್ಲ, ಹುಂಡಿ ತಿರಸ್ಕಾರವಾಯಿತು ಅಂತ ವಾಪಸು ಕಳಿಸಬಹುದು. ಆಗ ನಿಮಗೆ ಎಲ್‌ಆರ್ ಸಿಗುವುದಿಲ್ಲ.

ಇನ್ನೊಂದು ಮಾತು. ಕೆಲವರು "ಸುಮ್ನೆ ಒಂದು ಖಾಲಿ ಹುಂಡಿ ಕಾಗದಕ್ಕೆ ಸಹಿ ಮಾಡಿ ಕೊಟ್ಟಿರಿ, ಮಾಲು ಕಳಿಸಿದ ಮೇಲೆ ನಾವೇ ತುಂಬಿಕೊಳ್ತೀವಿ" ಅನ್ನುತ್ತಾರೆ. ದಯವಿಟ್ಟು ಬೇಡ. ಸ್ಟಾಂಪು ಇರುವ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ, ಆ ಸ್ಟಾಂಪು ಎಷ್ಟು ಮೊತ್ತಕ್ಕೆ ಸಾಲುತ್ತದೋ ಅಷ್ಟರವರೆಗೂ ತುಂಬಿಕೊಳ್ಳುವ ಅಧಿಕಾರ ಕೊಟ್ಟ ಹಾಗೆ. ಇದು ಅದೇ ಕಾಯ್ದೆಯ 20ನೇ ಕಲಂ. ನಾಲ್ಕು ಲಕ್ಷ ಅಂತ ಬಾಯಲ್ಲಿ ಮಾತಾಡಿ ಐದು ಲಕ್ಷ ಅಂತ ತುಂಬಿದರೂ, ಏನೂ ಗೊತ್ತಿಲ್ಲದೆ ದುಡ್ಡು ಕೊಟ್ಟು ಅದನ್ನು ಪಡೆದ ಬ್ಯಾಂಕಿಗೆ ನೀವು ಐದು ಲಕ್ಷವೇ ಕೊಡಬೇಕು.

ಸ್ಟಾಂಪಿನ ಮಾತು ಬಂತು. ಹೀಗೆ ಮುದ್ದತಿನ ಹುಂಡಿಗೆ ಸ್ಟಾಂಪು ಬೇಕು. ಮೊತ್ತ ಮತ್ತು ಅವಧಿ ನೋಡಿ ದರ ಬದಲಾಗುತ್ತದೆ. ಸ್ಟಾಂಪು ಇಲ್ಲದ ಬೇರೆ ಎಷ್ಟೋ ಕಾಗದಗಳನ್ನು ಆಮೇಲೆ ದಂಡ ಕಟ್ಟಿ ಕೋರ್ಟಿನಲ್ಲಿ ಹಾಜರುಪಡಿಸಬಹುದು. ಹುಂಡಿಗೆ ಮತ್ತು ಪ್ರಾಮಿಸರಿ ನೋಟಿಗೆ ಆ ದಾರಿ ಮುಚ್ಚಿದೆ. ಇದು ಬರೆದವರ ತಲೆನೋವು, ನಿಮ್ಮದಲ್ಲ. ಆದರೆ ಸ್ಟಾಂಪಿಲ್ಲ ಅಂತ ನೀವು ಬಚಾವಾದಿರಿ ಅಂದುಕೊಳ್ಳಬೇಡಿ. ಹುಂಡಿ ಪಕ್ಕಕ್ಕಿಟ್ಟು ಮಾಲಿನ ಬೆಲೆಗೇ ಅವರು ದಾವೆ ಹಾಕಬಹುದು.

ಈಗ ತಾರೀಖಿನ ಲೆಕ್ಕ. ಮೇ 12ರಿಂದ ಮೂರು ತಿಂಗಳು ಅಂದರೆ ಆಗಸ್ಟ್ 12. ಅದಕ್ಕೆ ಮೂರು ದಿನ ರಿಯಾಯಿತಿ ಸೇರಿಸಬೇಕು. ಇದು ಯಾರೂ ಕೊಡುವ ದಯೆಯಲ್ಲ, ಕಾಯ್ದೆಯಲ್ಲೇ ಇದೆ. ಆಗ ಆಗಸ್ಟ್ 15 ಆಯಿತು. ಸ್ವಾತಂತ್ರ್ಯ ದಿನ, ರಜೆ. ಮಾರನೇ ದಿನ ಕಟ್ಟಿದರಾಯಿತು ಅನ್ನಿಸುತ್ತೆ ಅಲ್ವಾ? ಅಲ್ಲ. ಹುಂಡಿಯ ಕೊನೇ ದಿನ ರಜೆಯಾದರೆ ಅದರ ಹಿಂದಿನ ಕೆಲಸದ ದಿನವೇ ಗಡುವು. ಅಂದರೆ ಆಗಸ್ಟ್ 14. ಈ ಒಂದು ದಿನದ ತಪ್ಪು ತಿಳಿವಳಿಕೆಯಿಂದ ಹುಂಡಿ ವಾಪಸಾದದ್ದನ್ನು ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ. ದುಡ್ಡು ಇತ್ತು, ಮನಸ್ಸೂ ಇತ್ತು. ಆದರೆ ಆ ಅಂಗಡಿಯವರು ಚೆಕ್ಕು ಹಿಡಿದು ಬಂದದ್ದು 16ಕ್ಕೆ. ಅಷ್ಟೊತ್ತಿಗೆ ಹುಂಡಿ ಬೆಂಗಳೂರಿಗೆ ವಾಪಸು ಹೊರಟಿತ್ತು.

"ತಾರೀಖಿನಿಂದ ಮೂರು ತಿಂಗಳು" ಅಂತ ಇದೆಯೋ "ತೋರಿಸಿದ ದಿನದಿಂದ ಮೂರು ತಿಂಗಳು" ಅಂತ ಇದೆಯೋ ಅದನ್ನೂ ನೋಡಿ. ಎರಡನೆಯದಾದರೆ ಲೆಕ್ಕ ಶುರುವಾಗುವುದು ನೀವು ಒಪ್ಪಿ ಸಹಿ ಹಾಕಿದ ದಿನದಿಂದ. ಅದಕ್ಕೇ ಸಹಿಯ ಪಕ್ಕ ತಾರೀಖು ತಪ್ಪದೆ ಬರೆಯಿರಿ.

ಇನ್ನು ಡಿಸ್ಕೌಂಟು. ನೀವು ಒಪ್ಪಿದ ಹುಂಡಿ ಚಿಕ್ಕಪೇಟೆಗೆ ವಾಪಸು ಹೋಯಿತು. ಅವರು ಆಗಸ್ಟ್ ತನಕ ಕಾಯಬಹುದು. ಆದರೆ ಸೂರತ್ತಿಗೋ ಕಂಚಿಗೋ ಅವರೂ ದುಡ್ಡು ಕಳಿಸಬೇಕಲ್ಲ. ಜೂನ್ 2ರಂದು ಹುಂಡಿಯ ಹಿಂದೆ ಸಹಿ ಮಾಡಿ, ಅಂದರೆ ಹಿಂಬರಹ ಮಾಡಿ, ತಮ್ಮ ಬ್ಯಾಂಕಿಗೆ ಕೊಡುತ್ತಾರೆ. ಜೂನ್ 2ರಿಂದ ಆಗಸ್ಟ್ 14ಕ್ಕೆ 73 ದಿನ. ಬ್ಯಾಂಕಿನ ದರ ವರ್ಷಕ್ಕೆ ಶೇಕಡಾ 12 ಅಂತ ಇಟ್ಟುಕೊಳ್ಳಿ. 73 ದಿನ ಅಂದರೆ ವರ್ಷದ ಐದನೇ ಒಂದು ಪಾಲು. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 48,000, ಅದರ ಐದನೇ ಒಂದು ಪಾಲು 9,600 ರೂಪಾಯಿ. ಅದನ್ನು ಮೊದಲೇ ಹಿಡಿದುಕೊಂಡು ಬ್ಯಾಂಕು ಅವರ ಖಾತೆಗೆ 3,90,400 ಹಾಕುತ್ತದೆ. ಬ್ಯಾಂಕಿನ ಸಣ್ಣಪುಟ್ಟ ಚಾರ್ಜು ಬೇರೆ.

ಇದು ಸಾಲದ ಬಡ್ಡಿಯ ಹಾಗೇ ಕಂಡರೂ ಒಂದು ವ್ಯತ್ಯಾಸ ಇದೆ. ಬಡ್ಡಿಯನ್ನು ಕೊನೆಗೆ ಕಟ್ಟುತ್ತೇವೆ, ಇದನ್ನು ಮುಂಗಡವಾಗಿ ಕತ್ತರಿಸುತ್ತಾರೆ. ಅವರ ಕೈಗೆ ಬಂದದ್ದು 3,90,400. ಅದರ ಮೇಲೆ 73 ದಿನಕ್ಕೆ 9,600 ಅಂದರೆ ನಿಜವಾದ ದರ ವರ್ಷಕ್ಕೆ ಸುಮಾರು ಶೇಕಡಾ 12.3 ಆಯಿತು. ದಿನ ಕಡಿಮೆ ಇದ್ದಾಗ ಈ ಅಂತರ ಚಿಕ್ಕದು. ದಿನ ಜಾಸ್ತಿಯಾದ ಹಾಗೆ ಬೆಳೆಯುತ್ತದೆ.

ಈ ಖರ್ಚು ಅವರದ್ದು, ನನಗೇನು ಅಂದುಕೊಳ್ಳಬೇಡಿ. ಅದು ಹೆಚ್ಚಾಗಿ ಮಾಲಿನ ಬೆಲೆಯಲ್ಲೇ ಕೂತಿರುತ್ತದೆ. ಅವರನ್ನು ಒಂದು ಪ್ರಶ್ನೆ ಕೇಳಿ: "ನಗದು ಕೊಟ್ಟರೆ ಇದೇ ಮಾಲು ಎಷ್ಟಕ್ಕೆ ಕೊಡ್ತೀರಿ?" 3,85,000 ಅಂದರು ಅನ್ನಿ. ಹಾಗಾದರೆ ನೀವು 15,000 ರೂಪಾಯಿ ಕೊಟ್ಟು 94 ದಿನದ ಸಾಲ ಕೊಂಡ ಹಾಗಾಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು ಶೇಕಡಾ 15. ನಿಮ್ಮ ಬ್ಯಾಂಕಿನ ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲ, ಇದಕ್ಕಿಂತ ಕಡಿಮೆಗೆ ಸಿಗುವುದಾದರೆ ನಗದಿಗೇ ತಗೊಳ್ಳಿ, ಹುಂಡಿಯ ಗೊಡವೆಯೇ ಬೇಡ. ಓಡಿ ಇಲ್ಲದವರಿಗೆ ಮಾತ್ರ ಈ ಹುಂಡಿ ಲಾಭದ ಬಾಬತ್ತು. ಇದು ನನ್ನ ಅಭಿಪ್ರಾಯ. ನಿಮ್ಮ ಅಂಗಡಿಯ ಲೆಕ್ಕ ನೋಡಿ ನೀವೇ ತೀರ್ಮಾನ ಮಾಡಿ.

ಈಗ ಮಾಲು ಕೆಟ್ಟಿದ್ದರೆ ಅನ್ನುವ ಪ್ರಶ್ನೆ. ಮೂಟೆ ಬಿಚ್ಚಿದಿರಿ. ನಲವತ್ತು ಸೀರೆಗಳ ಸೆರಗಿನಲ್ಲಿ ಬಣ್ಣ ಬಿಟ್ಟಿದೆ. ಐವತ್ತು ಸಾವಿರದ ನಷ್ಟ ಅಂದುಕೊಳ್ಳೋಣ. ಹುಂಡಿ ಇನ್ನೂ ಚಿಕ್ಕಪೇಟೆಯವರ ಬೀರುವಿನಲ್ಲೇ ಇದ್ದರೆ, ಅವರು ನಿಮ್ಮ ಮೇಲೆ ದಾವೆ ಹಾಕಿದಾಗ "ಇಷ್ಟು ಮಾಲು ಕೆಟ್ಟಿತ್ತು" ಅಂತ ಹೇಳಲು ನಿಮಗೆ ಜಾಗ ಇದೆ. ಯಾಕೆಂದರೆ ನೀವೂ ಅವರೂ ನೇರ ವ್ಯವಹಾರದವರು.

ಆದರೆ ಜೂನ್ 2ಕ್ಕೆ ಹುಂಡಿ ಬ್ಯಾಂಕಿಗೆ ಹೋಯಿತಲ್ಲ, ಆ ಜಾಗ ಹೋಯಿತು. ಬ್ಯಾಂಕು ದುಡ್ಡು ಕೊಟ್ಟು ಪಡೆದಿದೆ. ಗಡುವಿಗೆ ಮೊದಲೇ ಪಡೆದಿದೆ. ನಿಮ್ಮಿಬ್ಬರ ತಕರಾರು ಅದಕ್ಕೆ ಗೊತ್ತಿರಲಿಲ್ಲ. ಈ ಮೂರೂ ಸೇರಿದರೆ ಕಾನೂನು ಬ್ಯಾಂಕಿನ ಪರ ಗಟ್ಟಿಯಾಗಿ ನಿಲ್ಲುತ್ತದೆ. ಸೀರೆಯ ಕಥೆ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ನಾಲ್ಕು ಲಕ್ಷ ಪೂರ್ತಿ ಕಟ್ಟಬೇಕು. ಆ ಮೇಲೆ ಐವತ್ತು ಸಾವಿರಕ್ಕೆ ಚಿಕ್ಕಪೇಟೆಯವರ ಹಿಂದೆ ಬೇರೆಯಾಗಿ ಬೀಳಬೇಕು. ಖಾತೆ ವ್ಯವಹಾರದಲ್ಲಿ ದುಡ್ಡು ಹಿಡಿದುಕೊಂಡು ಜಗಳ ಆಡುತ್ತಿದ್ದಿರಿ. ಇಲ್ಲಿ ದುಡ್ಡು ಕೊಟ್ಟು ಜಗಳ ಆಡಬೇಕು. ನೀವು ಕೇಳಿದ ವ್ಯತ್ಯಾಸ ಇದೇ.

ಇದಕ್ಕೆ ನಾನು ಹೇಳುವ ಉಪಾಯ ಒಂದೇ. ಪೂರ್ತಿ ಮೊತ್ತಕ್ಕೆ ಹುಂಡಿ ಬೇಡ ಅನ್ನಿ. ಮೂರೂವರೆ ಲಕ್ಷಕ್ಕೆ ಹುಂಡಿ ಬರೆಯಲಿ, ಉಳಿದ ಐವತ್ತು ಸಾವಿರ ಹಳೇ ಪದ್ಧತಿಯಂತೆ ಖಾತೆ ಮೇಲಿರಲಿ. ಮಾಲು ಬಿಚ್ಚಿ ನೋಡಿ, ಕೆಟ್ಟದ್ದನ್ನು ಆ ಖಾತೆಯಲ್ಲಿ ಕಳೆಯಿರಿ. ಇದನ್ನು ಆರ್ಡರ್ ಕೊಡುವಾಗಲೇ ಮಾತಾಡಿ. ಬ್ಯಾಂಕಿನ ಕೌಂಟರಿನಲ್ಲಿ ಎಲ್‌ಆರ್ ಎದುರಿಗಿಟ್ಟುಕೊಂಡು ಮಾತಾಡಿದರೆ ತಡವಾಯಿತು. ವರ್ಷಗಳಿಂದ ನಿಮ್ಮ ಜೊತೆ ವ್ಯವಹಾರ ಮಾಡಿದವರು ಇದಕ್ಕೆ ಒಪ್ಪುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಡಿಸ್ಕೌಂಟ್ ಮಾಡಿಸಲು ಮೂರೂವರೆ ಲಕ್ಷದ ಹುಂಡಿಯೂ ಅವರಿಗೆ ಸಾಕು.

ಇನ್ನು ಕೊನೇ ಪ್ರಶ್ನೆ, ಕಟ್ಟಲು ಆಗದಿದ್ದರೆ ಏನು ಅನ್ನುವುದು. ನಿಮ್ಮ ವ್ಯಾಪಾರಕ್ಕೆ ಇದು ಬರೀ ಊಹೆಯ ಮಾತಲ್ಲ. ಸೀರೆಯ ದುಡ್ಡು ಬರುವುದು ವರಮಹಾಲಕ್ಷ್ಮಿ ಹಬ್ಬಕ್ಕೆ. ಕೆಲವು ವರ್ಷ ಆ ಶುಕ್ರವಾರ ಆಗಸ್ಟ್ ಮೊದಲ ಭಾಗದಲ್ಲೇ ಬರುತ್ತದೆ. ಶ್ರಾವಣಕ್ಕೆ ಮೊದಲು ಅಧಿಕ ಮಾಸ ಬಿದ್ದ ವರ್ಷ ಆಗಸ್ಟ್ ಕೊನೆಗೆ ಜಾರುತ್ತದೆ. ಹುಂಡಿಗೆ ಪಂಚಾಂಗ ಗೊತ್ತಿಲ್ಲ, ಅದು ಆಗಸ್ಟ್ 14ಕ್ಕೇ ಬರುತ್ತದೆ. ಹಬ್ಬ ಇನ್ನೂ ಎರಡು ವಾರ ಇದೆ, ಮಾಲೆಲ್ಲ ಕಪಾಟಿನಲ್ಲಿದೆ, ನಿಮ್ಮ ಖಾತೆಯಲ್ಲಿ ಎರಡೂವರೆ ಲಕ್ಷ ಇದೆ. ಹೀಗೂ ಆಗಬಹುದು.

ಅವತ್ತು ಬ್ಯಾಂಕು ಹುಂಡಿಯನ್ನು ನಿಮ್ಮ ಮುಂದೆ ಹಾಜರುಪಡಿಸುತ್ತದೆ. ಪೂರ್ತಿ ಹಣ ಇಲ್ಲ. ಹುಂಡಿ ವಾಪಸಾಯಿತು. ಬೇಕಿದ್ದರೆ ಬ್ಯಾಂಕಿನವರು ಅದನ್ನು ನೋಟರಿ ಹತ್ತಿರ ಒಯ್ದು ನೋಟಿಂಗ್ ಮಾಡಿಸುತ್ತಾರೆ. ನೋಟರಿ ಮತ್ತೊಮ್ಮೆ ಹುಂಡಿ ತೋರಿಸಿ ಹಣ ಕೇಳುತ್ತಾರೆ, ಆಮೇಲೆ ಅದರ ಮೇಲೆ ತಾರೀಖು, ವಾಪಸಾದ ಕಾರಣ, ತಮ್ಮ ಶುಲ್ಕ ಬರೆದು ಸಹಿ ಹಾಕುತ್ತಾರೆ. ದೇಶದೊಳಗಿನ ಹುಂಡಿಗೆ ಇದು ಕಡ್ಡಾಯವಲ್ಲ. ಆದರೆ ನಾಳೆ ಕೋರ್ಟಿನಲ್ಲಿ ಒಳ್ಳೇ ಸಾಕ್ಷಿ.

ಕಡ್ಡಾಯವಾದದ್ದು ಬೇರೆ ಇದೆ. ಹುಂಡಿ ಬರೆದವರಿಗೆ ಬ್ಯಾಂಕು ತಕ್ಷಣ ತಿಳಿಸಬೇಕು. ಅವರು ಬೇರೆ ಊರಿನಲ್ಲಿದ್ದರೆ ಮುಂದಿನ ಅಂಚೆಗೆ, ಅಥವಾ ವಾಪಸಾದ ಮಾರನೇ ದಿನ, ನೋಟೀಸು ಹೊರಡಬೇಕು. ಅದು ತಪ್ಪಿದರೆ ಚಿಕ್ಕಪೇಟೆಯವರು "ನನಗೆ ಸಮಯಕ್ಕೆ ಹೇಳಲಿಲ್ಲ" ಅಂತ ಹೊಣೆಯಿಂದ ಬಿಡಿಸಿಕೊಳ್ಳಬಹುದು. ನಿಮಗೆ ಆ ಅವಕಾಶ ಇಲ್ಲ. ಒಪ್ಪಿ ಸಹಿ ಹಾಕಿದವರಿಗೆ ನೋಟೀಸು ಬರಲಿ ಬಿಡಲಿ, ಹೊಣೆ ಇದ್ದೇ ಇರುತ್ತದೆ. ಕಟ್ಟಬೇಕಾದವರು ನೀವೇ, ಕಟ್ಟಲಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ.

ಬ್ಯಾಂಕು ಆಮೇಲೆ ಮಾಡುವುದು ಸರಳ. ಚಿಕ್ಕಪೇಟೆಯವರ ಖಾತೆಯಿಂದ ನಾಲ್ಕು ಲಕ್ಷವನ್ನೂ ನೋಟಿಂಗ್ ಖರ್ಚನ್ನೂ ಎಳೆದುಕೊಳ್ಳುತ್ತದೆ. ಗಮನಿಸಿ, 3,90,400 ಅಲ್ಲ, ಪೂರ್ತಿ ನಾಲ್ಕು ಲಕ್ಷ. ಡಿಸ್ಕೌಂಟಿನ 9,600 ಅವರಿಗೆ ವಾಪಸು ಬರುವುದಿಲ್ಲ. ಡಿಸ್ಕೌಂಟ್ ಮಾಡಿಸಿದ ದಿನ ಅವರು ಹುಂಡಿ ಮಾರಿದೆ, ಮುಗಿಯಿತು ಅಂದುಕೊಂಡಿದ್ದರೆ ಅದು ತಪ್ಪು. ಹಿಂಬರಹದ ಸಹಿ ಅವರನ್ನೂ ಕಟ್ಟಿಹಾಕಿತ್ತು. ಸಣ್ಣ ಉದ್ಯಮಗಳ ಬಿಲ್ಲುಗಳನ್ನು ಆನ್‌ಲೈನಿನಲ್ಲಿ ಡಿಸ್ಕೌಂಟ್ ಮಾಡಿಸುವ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಟ್ರೆಡ್ಸ್ ವೇದಿಕೆಗಳಲ್ಲಿ ಹೀಗೆ ಮಾರಿದವರ ಮೇಲೆ ವಾಪಸು ಬರುವುದಿಲ್ಲ. ಆದರೆ ನಿಮ್ಮ ಪೇಟೆಯ ಮಾಮೂಲಿ ಹುಂಡಿಯಲ್ಲಿ ಬರುತ್ತದೆ.

ಅದಕ್ಕೇ ಲೆಕ್ಕ ಪುಸ್ತಕದಲ್ಲಿಯೂ ಎಚ್ಚರ ಬೇಕು. ಒಪ್ಪಿದ ದಿನ ನೀವು ಅವರ ಖಾತೆಯನ್ನು ಡೆಬಿಟ್ ಮಾಡಿ "ಕೊಡಬೇಕಾದ ಹುಂಡಿ" ಖಾತೆಗೆ ನಾಲ್ಕು ಲಕ್ಷ ಕ್ರೆಡಿಟ್ ಮಾಡಿರುತ್ತೀರಿ. ವಾಪಸಾದ ದಿನ ಅದನ್ನು ತಿರುವಿ, ಮತ್ತೆ ಅವರ ಹೆಸರಿಗೆ ಸಾಲ ತೋರಿಸಬೇಕು. ನೋಟಿಂಗ್ ಖರ್ಚು 500 ಆಗಿದ್ದರೆ ಅದೂ ನಿಮ್ಮದೇ. ಒಟ್ಟು 4,00,500. ಹುಂಡಿಯಲ್ಲಿ ಬಡ್ಡಿ ದರ ಬರೆದಿಲ್ಲದಿದ್ದರೆ, ಗಡುವಿನ ದಿನದಿಂದ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಓಡುತ್ತದೆ. ಅದು ಕಾಯ್ದೆಯೇ ಹೇಳಿದ ದರ.

ಜೈಲಿನ ಭಯ ಬಿಡಿ. ಚೆಕ್ಕು ಬೌನ್ಸ್ ಆದರೆ ಕ್ರಿಮಿನಲ್ ಕೇಸು ಹಾಕುವ 138ನೇ ಕಲಂ ಚೆಕ್ಕಿಗೆ ಮಾತ್ರ. ಹುಂಡಿ ವಾಪಸಾದರೆ ಅದು ಸಿವಿಲ್ ಸಾಲ. ಆದರೆ ಸಿವಿಲ್ ಅಂತ ಹಗುರ ಮಾಡಬೇಡಿ. ಹುಂಡಿ ಇದ್ದರೆ ಸಮ್ಮರಿ ದಾವೆ ಹಾಕಬಹುದು. ಅದರಲ್ಲಿ ಸಮನ್ಸ್ ಬಂದ ಹತ್ತು ದಿನದೊಳಗೆ ಹಾಜರಾಗಬೇಕು. ವಾದ ಮಾಡಲು ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ಗಟ್ಟಿ ಕಾರಣ ಇಲ್ಲದಿದ್ದರೆ ಸೀದಾ ಡಿಕ್ರಿ. ಗಡುವಿನ ದಿನದಿಂದ ಮೂರು ವರ್ಷದವರೆಗೆ ಅವರು ದಾವೆ ಹಾಕಬಹುದು.

ಒಂದು ಬಲೆ ಇದೆ. ಹುಂಡಿಯ ಜೊತೆಗೆ "ಭದ್ರತೆಗೆ ಒಂದು ಚೆಕ್ಕು ಇರಲಿ" ಅಂತ ಆಗಸ್ಟ್ 14ರ ತಾರೀಖಿನ ಚೆಕ್ಕನ್ನೂ ಕೇಳುತ್ತಾರೆ. ಅದನ್ನು ಕೊಟ್ಟರೆ 138ನ್ನು ನೀವೇ ಮನೆಗೆ ಕರೆದ ಹಾಗೆ. ಆ ಚೆಕ್ಕು ವಾಪಸಾಗಿ, ಅವರ ನೋಟೀಸು ಬಂದ ಹದಿನೈದು ದಿನದೊಳಗೆ ಹಣ ಕಟ್ಟದಿದ್ದರೆ ಕೇಸು ನಿಲ್ಲುತ್ತದೆ. ಶಿಕ್ಷೆ ಎರಡು ವರ್ಷದವರೆಗೂ ಇದೆ. ಹುಂಡಿ ಕೊಟ್ಟ ಮೇಲೆ ಚೆಕ್ಕು ಯಾಕೆ ಬೇಕು ಅಂತ ಧೈರ್ಯವಾಗಿ ಕೇಳಿ. ಒಂದೋ ಹುಂಡಿ, ಇಲ್ಲ ಚೆಕ್ಕು.

ದುಡ್ಡು ಆಗುವುದಿಲ್ಲ ಅಂತ ಗೊತ್ತಾದ ದಿನವೇ, ಆಗಸ್ಟ್ ಮೊದಲ ವಾರದಲ್ಲೇ, ಚಿಕ್ಕಪೇಟೆಗೆ ಹೋಗಿ. ಹುಂಡಿ ವಾಪಸಾದರೆ ಅವರ ಹೆಸರೂ ಬ್ಯಾಂಕಿನಲ್ಲಿ ಕೆಡುತ್ತದೆ, ಹಾಗಾಗಿ ಮಾತಿಗೆ ಸಿಗುತ್ತಾರೆ. ಒಂದು ಲಕ್ಷ ಈಗ ಕೊಟ್ಟು, ಉಳಿದ ಮೂರು ಲಕ್ಷಕ್ಕೆ ಎರಡು ತಿಂಗಳ ಹೊಸ ಹುಂಡಿ ಬರೆಸಿ. ಶೇಕಡಾ 12ರಂತೆ ಎರಡು ತಿಂಗಳ ಬಡ್ಡಿ 6,000. ಹೊಸ ಹುಂಡಿ 3,06,000ಕ್ಕೆ ಆಗುತ್ತದೆ. ಇದನ್ನು ಹುಂಡಿ ನವೀಕರಣ ಅನ್ನುತ್ತಾರೆ. ಅಕ್ಟೋಬರ್ ಹೊತ್ತಿಗೆ ಹಬ್ಬದ ದುಡ್ಡು ಕೈಗೆ ಬಂದಿರುತ್ತದೆ.

ಆದರೆ ಇಲ್ಲೇ ಜನ ಎಡವುವುದು. ನಾನು ಕೌಂಟರಿನಲ್ಲಿದ್ದಾಗ ಒಬ್ಬ ಅಂಗಡಿಯವರು ಇದೇ ಥರ ಬಂದರು. ಗಡುವಿಗೆ ನಾಲ್ಕು ದಿನ ಮೊದಲು ಸಗಟು ವ್ಯಾಪಾರಿಯ ಗದ್ದಿಗೆ ಹೋಗಿ ಪೂರ್ತಿ ದುಡ್ಡು ಕೊಟ್ಟಿದ್ದರು. ಚೀಟಿಯಲ್ಲಿ ಬರೆಸಿಕೊಂಡೂ ಇದ್ದರು. ಆದರೆ ಹುಂಡಿ ನಮ್ಮ ಬ್ಯಾಂಕಿನಲ್ಲಿತ್ತು. ಆ ದುಡ್ಡು ಬ್ಯಾಂಕಿಗೆ ಬರಲೇ ಇಲ್ಲ, ಸಗಟು ವ್ಯಾಪಾರಿ ಅದನ್ನು ಬೇರೆ ಕಡೆ ತಿರುಗಿಸಿಕೊಂಡಿದ್ದರು. ಗಡುವಿನ ದಿನ ಹುಂಡಿ ಹಾಜರಾಯಿತು. ಆ ಮನುಷ್ಯ ಚೀಟಿ ತೋರಿಸಿ ತೋರಿಸಿ ಕಣ್ಣೀರು ಹಾಕಿದರು. ನಮಗೆ ಏನೂ ಮಾಡಲಾಗಲಿಲ್ಲ. ಹುಂಡಿಯ ದುಡ್ಡನ್ನು ಹುಂಡಿ ಯಾರ ಕೈಯಲ್ಲಿದೆಯೋ ಅವರಿಗೇ ಕೊಡಬೇಕು. ಬರೆದವರಿಗೆ ಕೊಟ್ಟರೆ ಕೊಟ್ಟ ಹಾಗಲ್ಲ. ಅವರು ಎರಡನೇ ಸಲ ಕಟ್ಟಿದರು. ಮೊದಲು ಕೊಟ್ಟದ್ದನ್ನು ಕಂತು ಕಂತಾಗಿ ವಾಪಸು ಪಡೆಯಲು ಒದ್ದಾಡಿದರು. ಇವತ್ತಿಗೂ ಅವರ ಮುಖ ನನ್ನ ಕಣ್ಣಮುಂದಿದೆ.

ಹಾಗಾಗಿ ಹೊಸ ಹುಂಡಿಗೆ ಸಹಿ ಹಾಕುವ ಮೊದಲು ಹಳೇ ಹುಂಡಿ ಎಲ್ಲಿದೆ ಅಂತ ಕೇಳಿ. ಬ್ಯಾಂಕಿನಲ್ಲಿದೆ ಅಂದರೆ, ಅವರು ಬ್ಯಾಂಕಿಗೆ ಹಣ ಕಟ್ಟಿ ಅದನ್ನು ಬಿಡಿಸಿಕೊಂಡು ಬರಲಿ. ಹಳೆಯದು ನಿಮ್ಮ ಕೈಗೆ ಬಂದ ಮೇಲೆ ಹೊಸದಕ್ಕೆ ಸಹಿ. ಎರಡೂ ಒಟ್ಟಿಗೆ ಹೊರಗಿದ್ದರೆ ನೀವು ಏಳು ಲಕ್ಷದ ಸಾಲಗಾರರು.

ಗಡುವಿಗೆ ಸರಿಯಾಗಿ ಕಟ್ಟಿದಾಗಲೂ ಇಷ್ಟೇ. ಬ್ಯಾಂಕಿನ ರಸೀದಿ ಒಂದೇ ಸಾಕು ಅಂತ ಎದ್ದು ಬರಬೇಡಿ. ಹಣ ಕಟ್ಟಿದವರಿಗೆ ಮೂಲ ಹುಂಡಿಯನ್ನು ವಾಪಸು ಕೇಳುವ ಹಕ್ಕಿದೆ. ಕೌಂಟರಿನಲ್ಲೇ ಕೇಳಿ ತಗೊಳ್ಳಿ. ನಿಮ್ಮ "ಒಪ್ಪಿದ್ದೇನೆ" ಇರುವ ಅದೇ ಕಾಗದವಾ ಅಂತ ತಿರುಗಿಸಿ ನೋಡಿ. ಮುಖದ ಮೇಲೆ "ಹಣ ಸಂದಿದೆ" ಅಂತ ಬರೆಸಿ, ಸಹಿ, ಸೀಲು ಹಾಕಿಸಿ, ಆ ವರ್ಷದ ಇನ್‌ವಾಯ್ಸ್ ಫೈಲಿಗೆ ಸೇರಿಸಿ.